ಹಬ್ಬದ ಆಸುಪಾಸಿನ ಆರು ತಿಂಗಳ ನಗದು ಲೆಕ್ಕ: ಸಿಹಿ ಅಂಗಡಿಗೆ ಎಷ್ಟು ಸಾಲ ಬೇಕು?

ಪ್ರಶ್ನೆ: ಸಿಹಿ ಅಂಗಡಿ ಇದೆ, ನಾಲ್ಕನೇ ತಿಂಗಳ ಕೊನೆಗೆ ಹಬ್ಬ. ಲಾಭ ಬರುತ್ತೆ ಅಂತ ಗೊತ್ತು, ಆದರೆ ಅದಕ್ಕೆ ಮುಂಚೆ ಕೈ ಖಾಲಿಯಾಗುತ್ತೆ. ಆರು ತಿಂಗಳ ಬಜೆಟ್ ಹೇಗೆ ಹಾಕೋದು, ಬ್ಯಾಂಕಿನಲ್ಲಿ ಎಷ್ಟು ಕೇಳೋದು?

ಉತ್ತರ 1

ಮಾರಾಟದ ದಿನವನ್ನಲ್ಲ, ದುಡ್ಡು ಕೈಗೆ ಬರುವ ದಿನವನ್ನು ಬರೆಯಿರಿ. ಖರ್ಚಿಗೂ ಹಾಗೆಯೇ, ದುಡ್ಡು ಕೈಬಿಡುವ ದಿನವೇ ಲೆಕ್ಕ.

ಮಾಮೂಲಿ ತಿಂಗಳ ಮಾರಾಟ 100 ಎಂದಿಟ್ಟುಕೊಳ್ಳಿ. ಆರು ತಿಂಗಳಿಗೆ 100, 100, 120, 400, 100, 90. ಐದರಲ್ಲಿ ನಾಲ್ಕು ಪಾಲು ಆಗಲೇ ನಗದು, ಒಂದು ಪಾಲು ಉದ್ರಿ, ಅದು ಮುಂದಿನ ತಿಂಗಳು ಬರುತ್ತದೆ. ಹಾಗಾದರೆ ಕೈಗೆ ಬರುವುದು 100, 100, 116, 344, 160, 92.

ಸಾಮಗ್ರಿಗೆ ಮಾರಾಟದ ಅರ್ಧ ಹೋಗುತ್ತದೆ. ಹಬ್ಬದ ಸಾಮಗ್ರಿ 200ರಲ್ಲಿ ಸಕ್ಕರೆ, ಹಿಟ್ಟು, ಒಣಹಣ್ಣಿನಂಥ ಕೆಡದ 100ರ ಸರಕು ಮೂರನೇ ತಿಂಗಳೇ ಬೇಕು. ಹಾಲಿನ ಸರಕನ್ನು ಮುಂಚೆ ತಂದಿಡಲಾಗದು. ಅಚ್ಚು ಹಾಕಿಸಿದ ಡಬ್ಬಿಗೆ ಎರಡನೇ ತಿಂಗಳು 15 ಮುಂಗಡ, ಮೂರನೇ ತಿಂಗಳು ಉಳಿದ 15. ಬಾಡಿಗೆ, ಸಂಬಳ, ವಿದ್ಯುತ್ ಎಲ್ಲ ಸೇರಿ ತಿಂಗಳಿಗೆ 40. ಹಬ್ಬದ ತಿಂಗಳು ಹೆಚ್ಚುವರಿ ಆಳುಗಳಿಗೆಂದು ಅದು 80.

ಕೈಯಲ್ಲಿ 60 ಇಟ್ಟುಕೊಂಡು ಶುರು ಮಾಡಿದರೆ ತಿಂಗಳ ಕೊನೆಗೆ ಉಳಿಯುವುದು ಕ್ರಮವಾಗಿ 70, 65, ಮೈನಸ್ 34, ಆಮೇಲೆ 130, 200, 207. ಇದನ್ನು ನೋಡಿ ಬಹಳ ಜನ 34 ಸಾಲ ಸಾಕು ಅಂದುಕೊಳ್ಳುತ್ತಾರೆ. ಎಡವುವುದು ಇಲ್ಲೇ. ನಾಲ್ಕನೇ ತಿಂಗಳನ್ನು ವಾರವಾರವಾಗಿ ಬಿಡಿಸಿ. ಮೊದಲ ಎರಡು ವಾರ ವ್ಯಾಪಾರ ಮಾಮೂಲಿಗಿಂತ ತುಸು ಹೆಚ್ಚು ಅಷ್ಟೇ, ಬರುವ ನಗದು 50. ಆದರೆ ಆಳುಗಳ ಮುಂಗಡ, ಮೊದಲ ಸುತ್ತಿನ ಸಾಮಗ್ರಿ ಸೇರಿ ಆಗಲೇ 90 ಹೋಗಿರುತ್ತದೆ. ಹಳೇ ಉದ್ರಿ ಇನ್ನೂ ಬಂದಿಲ್ಲ. ಆ ಹೊತ್ತಿಗೆ ಮೈನಸ್ 74. ತಿಂಗಳ ಪಟ್ಟಿಯಲ್ಲಿ ಈ ಹಳ್ಳ ಕಾಣುವುದೇ ಇಲ್ಲ, ಏಕೆಂದರೆ ಕೊನೆಯ ವಾರದ ಮಾರಾಟ ಅದನ್ನು ಮುಚ್ಚಿಬಿಡುತ್ತದೆ. ಬ್ಯಾಂಕಿನಲ್ಲಿ 90 ಕೇಳಿ, ಮೂರನೇ ತಿಂಗಳು ಶುರುವಾಗುವ ಮೊದಲೇ ಮಂಜೂರು ಮಾಡಿಸಿಕೊಳ್ಳಿ.

ಉತ್ತರ 2

ಸಾಲವೇ ಬೇಡ. ಕೆಡದ ಸರಕನ್ನು ಸಗಟು ಅಂಗಡಿಯಲ್ಲಿ 30 ದಿನದ ಉದ್ರಿಗೆ ತನ್ನಿ, ಹಬ್ಬದ ದುಡ್ಡಲ್ಲೇ ತೀರಿಸಿ.

ಉತ್ತರ 1

ಅರ್ಧ ಸರಿ. ಮೂರನೇ ತಿಂಗಳ ಮೊದಲ ವಾರ ತಂದರೆ 30 ದಿನ ಮುಗಿಯುವುದು ನಾಲ್ಕನೇ ತಿಂಗಳ ಆರಂಭದಲ್ಲಿ, ಸರಿಯಾಗಿ ಹಳ್ಳದ ಹೊತ್ತಿಗೆ. ಹಬ್ಬಕ್ಕೆ 30 ದಿನದೊಳಗೆ ಸರಕು ಬಂದರೆ ಮಾತ್ರ ಕಂತು ಹಬ್ಬದ ಆಚೆ ಬೀಳುತ್ತದೆ. ಅಷ್ಟು ತಡವಾದರೆ ಬೆಲೆ ಏರಿರಬಹುದು, ಆ ಸಮಯದಲ್ಲಿ ಎಲ್ಲರೂ ಉದ್ರಿ ಕೊಡುವುದೂ ಇಲ್ಲ. ಹಾಗಾಗಿ ಯಾರು ಎಷ್ಟು ದಿನ ಕೊಡುತ್ತಾರೆ ಎಂದು ಈಗಲೇ ಕೇಳಿಕೊಂಡು, ಖಚಿತವಾದಷ್ಟನ್ನೇ ಮುಂದಕ್ಕೆ ಹಾಕಿ.

ಉತ್ತರ 3

ನಮ್ಮದು ಬೇಕರಿ. ಎಷ್ಟು ಮಾಲು ಮಾಡಬೇಕು ಅಂತ ತಾನೇ ಕೇಳ್ತಿರೋದು? ಹೋದ ವರ್ಷದ ಅದೇ ತಿಂಗಳ ಮಾರಾಟಕ್ಕೆ ನೂರಕ್ಕೆ ಹತ್ತು ಸೇರಿಸಿ, ಮುಗೀತು.

ಉತ್ತರ 4

ಅವರು ಕೇಳಿದ್ದು ದುಡ್ಡಿನ ಬಗ್ಗೆ. ಆದರೂ ಆ 400 ಎಲ್ಲಿಂದ ಬಂತು ಅನ್ನೋದು ಮುಖ್ಯವೇ. ಹಬ್ಬದ ದಿನಾಂಕ ವರ್ಷವರ್ಷ ಹಿಂದೆಮುಂದೆ ಆಗುವುದಾದರೆ ತಿಂಗಳಿಗೆ ತಿಂಗಳು ಹೋಲಿಸಬೇಡಿ, ‘ಹಬ್ಬಕ್ಕೆ 14 ದಿನ ಮುಂಚೆ, 7 ದಿನ ಮುಂಚೆ’ ಎಂದು ಬಿಲ್ಲುಗಳನ್ನು ಜೋಡಿಸಿ. ಹೋದ ಸಲ ಮಧ್ಯಾಹ್ನಕ್ಕೇ ಮಾಲು ಮುಗಿದ ದಿನವಿದ್ದರೆ ಆ ದಿನದ ಮಾರಾಟ ನಿಜವಾದ ಬೇಡಿಕೆಯಲ್ಲ, ಅದನ್ನು ಗುರುತು ಹಾಕಿಡಿ.

ಇನ್ನೊಂದು, ಮೊದಲ ಉತ್ತರದಲ್ಲಿ ಮನೆಖರ್ಚಿಗೆ ತೆಗೆಯುವ ಹಣವೇ ಇಲ್ಲ. ತಿಂಗಳಿಗೆ 10 ತೆಗೆದರೂ ಮೂರು ತಿಂಗಳಿಗೆ 30, ಅಂದರೆ ಹಳ್ಳ 104. 90 ಸಾಲದು.

ಉತ್ತರ 1

ಹೌದು, ಅದು ತಪ್ಪಿಹೋಯಿತು. 120 ಎಂದು ತಿದ್ದಿಕೊಳ್ಳಿ. ಹಬ್ಬದ ಮಾರಾಟ 400ರ ಬದಲು 300 ಆದರೆ ಏನಾಗುತ್ತದೆ ಎಂದೂ ನೋಡಿ. ನಗದು 80 ಕಡಿಮೆ ಬರುತ್ತದೆ, ಮನೆಖರ್ಚು 40 ಕಳೆಯಿರಿ, 130 ಇದ್ದದ್ದು ತಿಂಗಳ ಕೊನೆಗೆ 10. ಅಸಲು ತೀರುತ್ತದೆ, ಆದರೆ ಬಡ್ಡಿ ಕಟ್ಟಿದ ಮೇಲೆ ಕೈಯಲ್ಲಿ ಉಳಿಯುವುದು ಬಹಳ ಕಡಿಮೆ.

ಉತ್ತರ 4

ಮಾರಾಟ ಬಿದ್ದದ್ದು ಕೊನೆಯ ವಾರಕ್ಕೆ ಮೊದಲೇ ಗೊತ್ತಾದರೆ ಹಾಲಿನ ಆರ್ಡರ್ ತಗ್ಗಿಸಿ ಸ್ವಲ್ಪ ಉಳಿಸಬಹುದಲ್ಲವೇ? ಎಷ್ಟು ಎನ್ನುವುದು ಎಷ್ಟು ದಿನ ಮುಂಚೆ ಆರ್ಡರ್ ಬದಲಿಸಲು ಬಿಡುತ್ತಾರೆ ಎನ್ನುವುದರ ಮೇಲಿದೆ. ಕೇಳಿದವರೇ, ನಿಮ್ಮ ಹಾಲಿನವರು ಎಷ್ಟು ದಿನದ ಸೂಚನೆ ಕೇಳುತ್ತಾರೆ?