ಪದಚರ್ಚೆ: ‘ಮಿಸ್ ಯು’ ಅನ್ನುವುದಕ್ಕೆ ಮುತ್ತಜ್ಜಿಗೆ ಓದಿ ಹೇಳುವಂಥ ಕನ್ನಡ ಬೇಕು (ಶುಕ್ರವಾರದೊಳಗೆ)

ಸುಮಾ, ಚಿಕ್ಕಮಗಳೂರು (ಬುಧವಾರ ರಾತ್ರಿ)

ಎಲ್ಲರಿಗೂ ನಮಸ್ಕಾರ. ಶುಕ್ರವಾರ ಸಂಜೆಯೊಳಗೆ ಎರಡು ಸಾಲು ಬೇಕು. ದಯವಿಟ್ಟು ಸಹಾಯ ಮಾಡಿ.

ನಮ್ಮ ಪಕ್ಕದ ತೋಟದ ಮನೆಯಲ್ಲಿ 84 ವರ್ಷದ ಅಜ್ಜಿ ಇದ್ದಾರೆ. ಅವರ ಮೊಮ್ಮಗ ಇರುವುದು ಫ್ರಾನ್ಸಿನ ಲಿಯೋನ್‌ನಲ್ಲಿ, ಹೆಂಡತಿ ಅಲ್ಲಿಯವರೇ. ಅವರ 9 ವರ್ಷದ ಮಗಳು ಹೋದ ಸಲ ಕಾಫಿ ಕುಯ್ಲಿನ ಹೊತ್ತಿಗೆ ಬಂದು ಒಂದು ತಿಂಗಳು ಇದ್ದು ಹೋದಳು. ಈಗ ಮುತ್ತಜ್ಜಿಗೆ ಫ್ರೆಂಚಿನಲ್ಲಿ ಕಾಗದ ಬರೆದಿದ್ದಾಳೆ. ಅವಳ ಅಮ್ಮ ಅದನ್ನೇ ಇಂಗ್ಲಿಷಿನಲ್ಲೂ ಬರೆದು ಕಳಿಸಿದ್ದಾರೆ. ಭಾನುವಾರ ಅಜ್ಜಿಯ ಹುಟ್ಟುಹಬ್ಬ. ಅಜ್ಜಿಯ ಫೋಟೋ ಹಾಕಿ, ಕೆಳಗೆ ಹುಡುಗಿಯ ಎರಡು ಸಾಲನ್ನು ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿಸಬೇಕು ಅಂತ ಮನೆಯವರ ಆಸೆ.

ಮೊದಲ ಸಾಲು ಇಂಗ್ಲಿಷಿನಲ್ಲಿ ‘ಐ ಮಿಸ್ ಯು’. ಫ್ರೆಂಚಿನಲ್ಲಿ ‘ತ್ಯು ಮ ಮಾಂಕ್’. ಎರಡನೆಯದು ಅವರ ಕೊಟ್ಟಿಗೆಯ ಕರುವಿನ ಬಗ್ಗೆ. ಅಮ್ಮ ‘ಹೆಡ್ ಓವರ್ ಹೀಲ್ಸ್ ಇನ್ ಲವ್’ ಅಂತ ಬರೆದಿದ್ದಾರೆ. ಹುಡುಗಿ ಬರೆದದ್ದು ‘ಫೋಲ್’ ಅಂತ ಏನೋ.

ನಾನು ಹೀಗೆ ಮಾಡಿದ್ದೆ: ‘ಸದಾ ನಿಮ್ಮ ನೆನಪಿನಲ್ಲಿ. ಕರುವನ್ನು ತಲೆಕೆಳಗಾಗಿ ಪ್ರೀತಿಸುತ್ತಿದ್ದೇನೆ.’ ಎರಡೂ ಸರಿ ಕಾಣುತ್ತಿಲ್ಲ.

ಹೊನ್ನಪ್ಪ, ಹಾಸನ (ಗುರುವಾರ ಬೆಳಿಗ್ಗೆ)

ಅಗಲಿಕೆಯ ನೋವು. ಅಷ್ಟೇ. ‘ನಿನ್ನ ಅಗಲಿಕೆ ನೋಯಿಸುತ್ತಿದೆ’ ಅಂತ ಬರೆಯಿರಿ. ಅಚ್ಚಗನ್ನಡದಲ್ಲಿ ಇಷ್ಟು ಚೆಂದದ ಮಾತು ಇರುವಾಗ ‘ಮಿಸ್’ ಅನ್ನುವುದನ್ನು ನೋಡಿದರೇ ಬೇಜಾರಾಗುತ್ತೆ. ಈಗಿನ ಮಕ್ಕಳು ಅಮ್ಮನನ್ನೂ ‘ಮಿಸ್ ಮಾಡ್ಕೋತಾರೆ’, ಬಸ್ಸನ್ನೂ ‘ಮಿಸ್ ಮಾಡ್ಕೋತಾರೆ’.

ಮಂಜುನಾಥ, ಸಕಲೇಶಪುರ (ಗುರುವಾರ ಬೆಳಿಗ್ಗೆ)

ನಾನು ಆರು ತಿಂಗಳು ಫ್ರೆಂಚ್ ಕ್ಲಾಸಿಗೆ ಹೋಗಿದ್ದೆ. ‘ತ್ಯು’ ಅಂದರೆ ನೀನು. ಅದೇ ಕರ್ತೃ. ಹಾಗಾಗಿ ಅಮ್ಮನ ಇಂಗ್ಲಿಷ್ ತಪ್ಪು ಅನ್ನಿಸುತ್ತೆ. ಹುಡುಗಿ ಹೇಳಿರುವುದು ‘ನೀನು ನನ್ನನ್ನು ನೆನೆಸಿಕೊಳ್ಳುತ್ತೀಯ’ ಅಂತ. ಅಜ್ಜಿಗೆ ತನ್ನ ಮೇಲೆ ಎಷ್ಟು ಪ್ರೀತಿ ಅಂತ ಹೇಳುತ್ತಿದ್ದಾಳೆ.

ಶಿವಣ್ಣ, ಬೇಲೂರು (ಗುರುವಾರ ಮಧ್ಯಾಹ್ನ)

ಸುಮಾ ಅವರೇ, ‘ಸದಾ ನಿಮ್ಮ ನೆನಪಿನಲ್ಲಿ’ ಮಾತ್ರ ಬೇಡ. ಖಂಡಿತ ಬೇಡ.

ನಾನು ಮೇಷ್ಟ್ರಾಗಿ ನಿವೃತ್ತನಾದ ದಿನ ಹಳೆಯ ವಿದ್ಯಾರ್ಥಿಗಳು ಶಾಲೆಯ ಗೇಟಿಗೆ ಫ್ಲೆಕ್ಸ್ ಕಟ್ಟಿಸಿದ್ದರು. ನನ್ನ ದೊಡ್ಡ ಫೋಟೋ, ಸುತ್ತ ಹೂವಿನ ಅಂಚು, ಕೆಳಗೆ ‘ಸದಾ ನಿಮ್ಮ ನೆನಪಿನಲ್ಲಿ’. ಪಾಪ, ಅವರು ‘ಮಿಸ್ ಯು ಸರ್’ ಅನ್ನುವುದನ್ನು ಕನ್ನಡದಲ್ಲೇ ಬರೆಯಬೇಕು ಅಂತ ಪ್ರೀತಿಯಿಂದ ಮಾಡಿದ್ದು. ಬಸ್ಸಿನಲ್ಲಿ ಹೋಗುತ್ತಿದ್ದ ನಮ್ಮ ಷಡ್ಡಕರು ಅದನ್ನು ನೋಡಿ ನನ್ನ ಹೆಂಡತಿಗೆ ಫೋನ್ ಮಾಡಿ ಅತ್ತುಬಿಟ್ಟರು. ಅವಳು ಗಾಬರಿಯಾಗಿ ನನಗೆ ಫೋನ್ ಮಾಡಿದರೆ ನಾನು ಸಭೆಯಲ್ಲಿ ಕೂತಿದ್ದೆ, ಎತ್ತಲಿಲ್ಲ. ಆ ಅರ್ಧ ಗಂಟೆ ಅವಳು ಪಟ್ಟ ಪಾಡು ನನಗೆ ಇವತ್ತಿಗೂ ಸಂಕಟ ಕೊಡುತ್ತೆ.

ಫೋಟೋದ ಕೆಳಗೆ ‘ನೆನಪು’ ಅಂತ ಅಚ್ಚಾದರೆ ನಮ್ಮ ಜನ ಅದನ್ನು ಶ್ರದ್ಧಾಂಜಲಿ ಅಂತಲೇ ಓದುತ್ತಾರೆ. ಅದೂ 84 ವರ್ಷದವರ ಫೋಟೋ.

ವಸುಧಾ, ಅರಸೀಕೆರೆ (ಗುರುವಾರ ಸಂಜೆ)

ಶಿವಣ್ಣ ಮೇಷ್ಟ್ರು ಹೇಳಿದ್ದೇ ಇಲ್ಲಿ ಮುಖ್ಯ. ಹೊನ್ನಪ್ಪನವರೇ, ನಿಮ್ಮ ‘ಅಗಲಿಕೆ’ಗೂ ಅದೇ ತೊಂದರೆ. ಪತ್ರಿಕೆಯಲ್ಲಿ ‘ನಮ್ಮನ್ನು ಅಗಲಿದರು’ ಅಂದರೆ ಏನರ್ಥ ಅಂತ ನಿಮಗೆ ನಾನು ಹೇಳಬೇಕಿಲ್ಲ.

ಫ್ರೆಂಚಿನ ವಿಷಯ. ಮಂಜುನಾಥ್ ಹೇಳಿದ್ದು ಅರ್ಧ ಸರಿ. ಕರ್ತೃ ‘ನೀನು’ ಹೌದು. ಆದರೆ ಆ ಕ್ರಿಯಾಪದದ ಅರ್ಥ ನೆನೆಸಿಕೊಳ್ಳುವುದಲ್ಲ, ಕಡಿಮೆ ಬೀಳುವುದು. ‘ನೀನು ನನಗೆ ಕಡಿಮೆಯಾಗಿದ್ದೀಯ’ ಅಂದ ಹಾಗೆ. ಕೊರತೆ ಇರುವುದು ಹುಡುಗಿಗೆ, ಇಲ್ಲದಿರುವುದು ಅಜ್ಜಿ. ಅಮ್ಮನ ಇಂಗ್ಲಿಷ್ ಸರಿಯಾಗಿಯೇ ಇದೆ. ಇಂಗ್ಲಿಷಿನಲ್ಲಿ ನಾನು ನಿನ್ನನ್ನು ಏನೋ ಮಾಡುತ್ತೇನೆ. ಫ್ರೆಂಚಿನಲ್ಲಿ ನೀನು ನನಗೆ ಏನೋ ಆಗುತ್ತೀಯ. ನಮ್ಮ ‘ನನಗೆ ನೆನಪಾಗುತ್ತೆ, ನನಗೆ ಬೇಸರವಾಗುತ್ತೆ’ ಅನ್ನುವುದಕ್ಕೆ ಫ್ರೆಂಚೇ ಹತ್ತಿರ. ಅನುಭವ ತಾನಾಗಿ ಬರುತ್ತೆ, ನಾವು ಮಾಡುವುದಲ್ಲ.

ಹಾಗಂತ ಫ್ರೆಂಚನ್ನು ಪದಕ್ಕೆ ಪದ ಇಳಿಸಿದರೆ ‘ನೀನು ನನಗಿಲ್ಲ’ ಅಂತಾಗುತ್ತೆ. ಮನುಷ್ಯರ ಬಗ್ಗೆ ‘ಇಲ್ಲ’ ಅಂದರೆ ಮತ್ತೆ ಅದೇ ಸಾವಿನ ಮಾತು. ‘ಮನೆ ಬಿಕೋ ಅನ್ನುತ್ತೆ’ ನಮ್ಮಲ್ಲಿ ಬಹಳ ಒಳ್ಳೆಯ ಮಾತು. ಅಲ್ಲಿ ನಾನೂ ಇಲ್ಲ, ನೀನೂ ಇಲ್ಲ, ಮನೆಗೇ ನೋವು. ಆದರೆ ಅದು ಬಿಟ್ಟುಹೋದವರ ಮನೆಯಲ್ಲಿ ಉಳಿದವರು ಆಡುವ ಮಾತು. ಹುಡುಗಿ ಹೋದ ಮೇಲೆ ಅಜ್ಜಿ ಹೇಳಬಹುದು. ಲಿಯೋನ್‌ನಲ್ಲಿ ಕೂತ ಹುಡುಗಿ ಹೇಳುವಂತಿಲ್ಲ.

ಇನ್ನು ‘ನೆನಪಾಗುತ್ತೆ’ ಒಂದೇ ಸಾಕಾ? ಒಂದು ಪರೀಕ್ಷೆ ಮಾಡಿ ನೋಡಿ. ‘ಆ ಆಕ್ಸಿಡೆಂಟ್ ನೆನಪಾದರೆ ಈಗಲೂ ಮೈ ನಡುಗುತ್ತೆ’ ಅನ್ನುತ್ತೇವೆ ಅಲ್ವಾ? ಅಂದರೆ ನೆನಪಿನಲ್ಲಿ ‘ಬೇಕು’ ಅನ್ನುವ ಆಸೆ ಇರಲೇಬೇಕು ಅಂತಿಲ್ಲ. ಹುಡುಗಿಯ ಸಾಲಿನಲ್ಲಿ ಇರುವುದೇ ಆ ಆಸೆ. ಕೊರಿಯನ್ನರು ಇದಕ್ಕೆ ‘ನೋಡಬೇಕು ಅನ್ನಿಸುತ್ತಿದೆ’ ಅಂತಲೇ ಹೇಳುತ್ತಾರೆ, ‘ಪೋಗೋ ಶಿಪ್ತಾ’ ಅಂತ. ನಮ್ಮ ಮಕ್ಕಳು ಫೋನಿನಲ್ಲಿ ಅಜ್ಜಿಗೆ ಹೇಳುವುದೂ ಅದನ್ನೇ: ‘ಅಜ್ಜಿ, ನಿನ್ನ ನೋಡ್ಬೇಕು ಅನ್ಸುತ್ತೆ.’ ಬದುಕಿರುವವರಿಗೆ ಮಾತ್ರ ಹೇಳಬಹುದಾದ ಮಾತು ಅದು. ಇದನ್ನೇ ಹಾಕಿ.

ಹೊನ್ನಪ್ಪ, ಹಾಸನ (ಗುರುವಾರ ರಾತ್ರಿ)

‘ಅಗಲಿಕೆ’ ಕಾರ್ಡಿಗೆ ಹೊಂದುವುದಿಲ್ಲ, ಒಪ್ಪಿದೆ. ಆದರೆ ಕನ್ನಡದ ನಿಜವಾದ ಮಾತು ಕರುಳಿನದು. ‘ಕರುಳು ಕಿತ್ತು ಬರುತ್ತೆ’ ಅನ್ನಿ. ಹೃದಯ ಸಂಸ್ಕೃತ. ಕರುಳು ನಮ್ಮದು. ಕರುಳಿನಿಂದಲೇ ಕರುಣೆ ಬಂದದ್ದು.

ಜೋಸೆಫ್, ಮೂಡಿಗೆರೆ (ಗುರುವಾರ ರಾತ್ರಿ)

ನಮ್ಮ ಮನೆಮಾತು ಮಲಯಾಳಂ. ನಮ್ಮಲ್ಲಿ ಮುದ್ದಿನವರನ್ನು ‘ಎಂಡೆ ಕರಳೇ’ ಅಂತ ಕರೆಯುತ್ತೇವೆ. ಆದರೆ ನಮ್ಮ ಕರಳ್ ಅಂದರೆ ಲಿವರ್. ಚಿಕ್ಕವನಿದ್ದಾಗ ಇಲ್ಲಿನ ಗೆಳೆಯರು ‘ಕರುಳು’ ಅಂದಾಗಲೆಲ್ಲ ನಾನು ಲಿವರ್ ಅಂತಲೇ ತಿಳಿದಿದ್ದೆ. ಹಿಂದಿಯ ‘ಜಿಗರ್’ ಕೂಡ ಲಿವರ್ರೇ. ನೋವು ಎಲ್ಲರಿಗೂ ಎದೆಯಲ್ಲೇ ಆಗಬೇಕು ಅಂತೇನಿಲ್ಲ.

ವಸುಧಾ, ಅರಸೀಕೆರೆ (ಶುಕ್ರವಾರ ಬೆಳಿಗ್ಗೆ)

ಜೋಸೆಫ್ ಅವರೇ, ಒಳ್ಳೆಯ ಉದಾಹರಣೆ.

ಹೊನ್ನಪ್ಪನವರೇ, ಕರುಳು ದ್ರಾವಿಡ ಪದ, ಒಪ್ಪಿದೆ. ಕರುಣೆ ಅಲ್ಲಿಂದ ಬಂದಿಲ್ಲ. ಅದು ಸಂಸ್ಕೃತದ ಕರುಣಾ. ಮಾಲಾ ಮಾಲೆಯಾದಂತೆ, ಭಾಷಾ ಭಾಷೆಯಾದಂತೆ ಕರುಣಾ ಕರುಣೆಯಾಯಿತು. ಎರಡರಲ್ಲೂ ‘ಕರು’ ಕಂಡರೆ ಬಂಧುಗಳಾಗುವುದಿಲ್ಲ. ಅಲ್ಲದೆ ಕರುಳಿನ ಮಾತು ಹೆಚ್ಚಾಗಿ ದೊಡ್ಡವರಿಂದ ಚಿಕ್ಕವರ ಕಡೆಗೆ ಹರಿಯುತ್ತೆ. ಹೆತ್ತ ಕರುಳು ಅನ್ನುತ್ತೇವೆ. 9 ವರ್ಷದ ಮಗು ಮುತ್ತಜ್ಜಿಗೆ ‘ಕರುಳು ಕಿತ್ತು ಬರುತ್ತೆ’ ಅಂದರೆ ನಾಟಕದ ಮಾತಾಗುತ್ತೆ.

ಇನ್ನೊಂದು. ‘ಮಿಸ್’ ನೋಡಿ ನಿಮಗೆ ‘ಬೇಜಾರು’ ಆಯಿತು ಅಂದಿರಿ. ಬೇಜಾರು ಪಾರಸಿಯಿಂದ ಬಂದ ಪದ.

ಹೊನ್ನಪ್ಪ, ಹಾಸನ (ಶುಕ್ರವಾರ ಬೆಳಿಗ್ಗೆ)

ತಪ್ಪು. ಬೇಜಾರು ಅನ್ನುವುದು ಬೇಸರದ ಆಡುರೂಪ. ಎಲ್ಲವನ್ನೂ ಹೊರಗಿನಿಂದ ಬಂದದ್ದು ಅನ್ನುವ ಚಟ ಬಿಡಿ.

ವಸುಧಾ, ಅರಸೀಕೆರೆ (ಶುಕ್ರವಾರ ಬೆಳಿಗ್ಗೆ)

ಎರಡೂ ಬೇರೆ. ಬೇಸರ ನಮ್ಮದೇ. ಗುರುತು ಇಲ್ಲಿದೆ: ಹೆರು ಹೆತ್ತು ಆಗುತ್ತೆ, ತೆರು ತೆತ್ತು ಆಗುತ್ತೆ, ಬೇಸರು ಬೇಸತ್ತು ಆಗುತ್ತೆ. ಹಳೆಯ ಱ ಇದ್ದ ಕ್ರಿಯಾಪದಗಳು ಹೀಗೆ ಬದಲಾಗುತ್ತವೆ. ಬೇಜಾರಿಗೆ ಆ ಶಕ್ತಿ ಇಲ್ಲ. ‘ಬೇಜತ್ತು’ ಅಂತ ಯಾರೂ ಹೇಳುವುದಿಲ್ಲ. ಅದಕ್ಕೆ ‘ಆಗು’, ‘ಮಾಡಿಕೊಳ್ಳು’ ಅಂತ ಊರುಗೋಲು ಬೇಕು. ಬೇಜಾರಾಯ್ತು, ಬೇಜಾರು ಮಾಡಿಕೊಂಡ. ಮಿಸ್ ಆಯ್ತು, ಮಿಸ್ ಮಾಡಿಕೊಂಡ. ಪಾರಸಿಯ ಪದ ಒಳಗೆ ಬಂದ ಬಾಗಿಲಲ್ಲೇ ಇಂಗ್ಲಿಷಿನದೂ ಬಂದಿದೆ. ಒಂದನ್ನು ಮನೆಯವರು ಅನ್ನುತ್ತೀರಿ, ಇನ್ನೊಂದನ್ನು ಓಡಿಸುತ್ತೀರಿ.

ಹಾಗಂತ ‘ಮಿಸ್’ ನನಗೂ ಪೂರ್ತಿ ಒಪ್ಪಿಗೆ ಇಲ್ಲ. ‘ನಿನ್ನೆ ಅವನನ್ನ ಮಿಸ್ ಮಾಡಿಕೊಂಡೆ’ ಅಂದರೆ ಅವನು ಸಿಗಲಿಲ್ಲವೋ, ಅವನಿಗಾಗಿ ಹಂಬಲಿಸಿದೆನೋ ತಿಳಿಯುವುದಿಲ್ಲ. ನನ್ನ ತಕರಾರು ಅಷ್ಟೇ, ಅದರ ಊರಿನ ಮೇಲಲ್ಲ.

ಮಂಜುನಾಥ, ಸಕಲೇಶಪುರ (ಶುಕ್ರವಾರ ಮಧ್ಯಾಹ್ನ)

ನನ್ನ ತಪ್ಪು ತಿಳಿಯಿತು. ಎರಡನೇ ಸಾಲಿಗೆ ನನ್ನದೊಂದು ಮಾತು. ‘ಫೋಲ್’ ಅಂದರೆ ಹುಚ್ಚಿ. ಇದು ಮಾತ್ರ ಖಂಡಿತ ಗೊತ್ತು. ‘ಆ ಕರು ಅಂದ್ರೆ ನಂಗೆ ಹುಚ್ಚು’ ಅಂತ ನೇರವಾಗಿ ಬರುತ್ತೆ ಅಲ್ವಾ? ‘ತಲೆಕೆಳಗು’ ನಡುವೆ ಇಂಗ್ಲಿಷ್ ಬಂದಿದ್ದರಿಂದ ಸೇರಿಕೊಂಡದ್ದು.

ವಸುಧಾ, ಅರಸೀಕೆರೆ (ಶುಕ್ರವಾರ ಮಧ್ಯಾಹ್ನ)

ಈ ಸಲ ಪೂರ್ತಿ ಸರಿ. ಇಂಗ್ಲಿಷಿನಲ್ಲೂ ಅದು ಮೊದಲು ‘ಹೀಲ್ಸ್ ಓವರ್ ಹೆಡ್’ ಅಂತಿತ್ತು, ಹಿಮ್ಮಡಿ ಮೇಲೆ, ತಲೆ ಕೆಳಗೆ. ಆಮೇಲೆ ಪದಗಳು ತಿರುವುಮುರುವಾಗಿ ಹಾಗೇ ಉಳಿದುಬಿಟ್ಟವು. ನಮ್ಮಲ್ಲಿ ‘ಲೆಕ್ಕ ತಲೆಕೆಳಗಾಯಿತು’ ಅಂದರೆ ಕೆಟ್ಟಿತು ಅಂತಲೇ ಅರ್ಥ, ಪ್ರೀತಿಗೆ ಹೊಂದುವುದಿಲ್ಲ. ಪ್ರೀತಿಯಲ್ಲಿ ಇಂಗ್ಲಿಷಿನವರು ಬೀಳುತ್ತಾರೆ. ನಾವು ಸೋಲುತ್ತೇವೆ, ಮಾರುಹೋಗುತ್ತೇವೆ. ಆದರೆ ಕರುವಿಗೆ ‘ಮನಸೋತೆ’ ಅಂದರೆ ಭಾರವಾಯಿತು. ‘ಹುಚ್ಚು’ ಇರಲಿ, ಅಥವಾ ‘ಕರು ಅಂದ್ರೆ ನಂಗೆ ಪ್ರಾಣ’.

ಶಿವಣ್ಣ, ಬೇಲೂರು (ಶುಕ್ರವಾರ ಮಧ್ಯಾಹ್ನ)

‘ಪ್ರಾಣ’ ಹಾಕಿ. ಹಳ್ಳಿ ಕಡೆ ಕರುವಿಗೆ ಹುಚ್ಚು ಅಂದರೆ ಹುಚ್ಚುನಾಯಿ ಕಚ್ಚಿತಾ ಅಂತ ಕೇಳಿಬಿಟ್ಟಾರು. ಇನ್ನೊಂದು ವಿಷಯ: ‘ನಿಮ್ಮನ್ನು’ ಬೇಡ, ‘ನಿನ್ನ’ ಅಂತಲೇ ಇರಲಿ. ಮಕ್ಕಳು ಅಜ್ಜಿಗೆ ಬಹುವಚನ ಹಚ್ಚಿದರೆ ಅಜ್ಜಿಯೇ ದೂರವಾದ ಹಾಗೆ.

ಸುಮಾ, ಚಿಕ್ಕಮಗಳೂರು (ಶುಕ್ರವಾರ ಸಂಜೆ)

ಎಲ್ಲರಿಗೂ ತುಂಬಾ ಧನ್ಯವಾದ. ಫ್ರೆಂಚಿನ ‘ತ್ಯು’ ಕೂಡ ‘ನೀನು’ ಅಂತಲೇ ಇರುವುದರಿಂದ ಮೇಷ್ಟ್ರ ಮಾತು ಹೊಂದಿಕೊಂಡಿತು. ಪ್ರೆಸ್ಸಿಗೆ ಕೊಟ್ಟದ್ದು ಇದು:

‘ಅಜ್ಜಿ, ನಿನ್ನ ನೋಡ್ಬೇಕು ಅನ್ಸುತ್ತೆ. ಕರು ಅಂದ್ರೆ ನಂಗೆ ಪ್ರಾಣ. ಅದಕ್ಕೆ ನನ್ನ ಮರೀಬೇಡ ಅಂತ ಹೇಳು.’

ಕೊನೆಯ ಸಾಲೂ ಹುಡುಗಿಯದೇ, ಕಾಗದದಲ್ಲಿತ್ತು. ಫೋಟೋ ಬದಲಾಯಿಸಿದೆವು. ಅಜ್ಜಿ ಒಬ್ಬರೇ ಇರುವುದನ್ನು ತೆಗೆದು, ಇಬ್ಬರೂ ಕಣದಲ್ಲಿ ಕಾಫಿ ಹರಡುತ್ತಿರುವುದನ್ನು ಹಾಕಿದ್ದೇವೆ.

ಹೊನ್ನಪ್ಪ, ಹಾಸನ (ಶುಕ್ರವಾರ ರಾತ್ರಿ)

ಸಾಲು ಚೆನ್ನಾಗಿದೆ. ಬೇಜಾರಿನ ವಿಷಯ ನಾನಿನ್ನೂ ಒಪ್ಪಿಲ್ಲ. ಬೇಸತ್ತು ಸರಿ, ಆದರೆ ನಮ್ಮ ಊರಲ್ಲಿ ಬೇಸರ ಅನ್ನುವ ಕಡೆಯೆಲ್ಲ ಬೇಜಾರು ಅಂತಲೇ ಹೇಳುತ್ತಾರೆ. ಅದಕ್ಕೆ ಬೇರೆ ಎಳೆ ಶುರು ಮಾಡುತ್ತೇನೆ.