ಪದ ಬೇಕು: ಕಾಫಿ ದರದ ಚಾರ್ಟಿನಲ್ಲಿ ಎಳೆಯುವ ‘ಮೀಡಿಯನ್ ಲೈನ್’, ಅದರ ಮೂರು ‘ಆ್ಯಂಕರ್’

ಮಡಿಕೇರಿಯಿಂದ

ನಾಳೆ ಸಂಜೆಯೊಳಗೆ ಪದ ಬೇಕು. ಭಾನುವಾರ ನಮ್ಮ ಬೆಳೆಗಾರರಿಗೆ ದರದ ಚಾರ್ಟ್ ಓದುವುದನ್ನು ತೋರಿಸುತ್ತಿದ್ದೇನೆ. ಒಂದು ಹಾಳೆ ಅಚ್ಚಾಗಬೇಕು. ರೊಬಸ್ಟಾಗೆ ಲಂಡನ್ ದರ, ಅರೇಬಿಕಾಗೆ ನ್ಯೂಯಾರ್ಕ್ ದರ ಈಗ ಎಲ್ಲರ ಮೊಬೈಲಿನಲ್ಲೂ ಸಿಗುತ್ತದೆ. ಆ ಚಾರ್ಟಿನ ಮೇಲೆ ಆಂಡ್ರೂಸ್ ಪಿಚ್‌ಫೋರ್ಕ್ ಹಾಕುತ್ತೇವೆ. ಮೂರು ಕಡೆ ಒತ್ತಿದರೆ ನಡುವೆ ಒಂದು ಗೆರೆ, ಆಚೆ ಈಚೆ ಎರಡು ಗೆರೆ ಬೀಳುತ್ತವೆ. ನಾನು ‘ಮಧ್ಯಾಂಕ ರೇಖೆ’, ‘ಲಂಗರು ಬಿಂದು’, ಪಕ್ಕದ ಎರಡಕ್ಕೆ ‘ಸಮಾಂತರ ರೇಖೆ’ ಅಂತ ಬರೆದಿದ್ದೇನೆ. ಸರಿ ಇದೆಯಾ?

ಮೈಸೂರಿನಿಂದ

ಸರಿ ಇಲ್ಲ. ಲಂಗರು ಪಾರ್ಸಿಯಿಂದ ಬಂದದ್ದು, ಉಳಿದದ್ದು ಸಂಸ್ಕೃತ. ನಡುಗೆರೆ ಅನ್ನಿ. ಪಿಚ್‌ಫೋರ್ಕ್‌ಗೆ ‘ಕವೆ’ ಇದೆ. ಕವಲು, ಕವೆ, ಕವೆಗೋಲು ಎಲ್ಲ ಒಂದೇ ಬೇರಿನವು. ಮನೆಯಲ್ಲಿ ಇರುವ ಪದ ಬಿಟ್ಟು ಸಾಲ ತರಬೇಡಿ.

ಕುಶಾಲನಗರದಿಂದ

ಹುಲ್ಲು ಎತ್ತುವ ಕವೆಗೋಲು ನಮ್ಮ ಗದ್ದೆ ಮನೆಯಲ್ಲಿ ಈಗಲೂ ಇದೆ. ಎರಡೇ ಕವಲು, ಮರದ್ದು. ಮೂರು ಹಲ್ಲಿನ ಕಬ್ಬಿಣದ್ದು ಬೇಕಾದರೆ ಸಂತೆಯಲ್ಲಿ ಸಿಗಬಹುದು. ಫೋಟೊ ಕಳಿಸಲೇ?

ಗೋಣಿಕೊಪ್ಪದಿಂದ

ಇದು ಗದ್ದೆಯ ಸಾಮಾನಲ್ಲ ಅಣ್ಣಾ, ಚಾರ್ಟಿನ ಗೆರೆ.

‘ಮಧ್ಯಾಂಕ’ ಮಾತ್ರ ದಯವಿಟ್ಟು ಹಾಕಬೇಡಿ. ಅದು ಅಂಕಿಗಳನ್ನು ಸಾಲಾಗಿ ಜೋಡಿಸಿ ನಡುವಿನದನ್ನು ಆರಿಸುವುದು. ಇಲ್ಲಿ ಆ ಲೆಕ್ಕವೇ ಇಲ್ಲ. ಇದು ಶಾಲೆಯಲ್ಲಿ ಕಲಿತ ತ್ರಿಭುಜದ ಮಧ್ಯರೇಖೆ. ಒಂದು ಮೂಲೆಯಿಂದ ಎದುರಿನ ಬದಿಯ ನಡುವಿಗೆ ಎಳೆದು, ಹಾಗೇ ಮುಂದಕ್ಕೆ ಬಿಟ್ಟದ್ದು.

ಹಾಳೆಗೆ ಒಂದು ಲೆಕ್ಕ ಕೊಡುತ್ತೇನೆ, ಅಂಕಿ ಸುಮ್ನೆ ಕಲ್ಪಿಸಿದ್ದು. ದರ 300ಕ್ಕೆ ಇಳಿದು ತಿರುಗಿತು. ಅದು ಮೊದಲ ಗುರುತು, ಆ ದಿನವನ್ನು ಸೊನ್ನೆ ಅನ್ನಿ. ಎಂಟನೇ ದಿನ 340ಕ್ಕೆ ಏರಿ ತಿರುಗಿತು, ಅದು ಎರಡನೆಯದು. ಹನ್ನೆರಡನೇ ದಿನ 320ರಲ್ಲಿ ಮತ್ತೆ ಮೇಲಕ್ಕೆ ತಿರುಗಿತು, ಅದು ಮೂರನೆಯದು. ಎರಡನೆಯದಕ್ಕೂ ಮೂರನೆಯದಕ್ಕೂ ನಡು ಎಂದರೆ ಹತ್ತನೇ ದಿನ, 330. ಮೊದಲ ಗುರುತಿನಿಂದ ಅದರ ಮೂಲಕ ಗೆರೆ ಎಳೆದರೆ ದಿನಕ್ಕೆ 3ರಂತೆ ಏರುತ್ತದೆ. ಇಪ್ಪತ್ತನೇ ದಿನಕ್ಕೆ ನಡುಗೆರೆ 360ರಲ್ಲಿ ಇರುತ್ತದೆ. ಅದೇ ಓಟದಲ್ಲಿ ಎರಡನೇ ಗುರುತಿನಿಂದ ಹೊರಟ ಮೇಲಿನ ಗೆರೆ 376, ಮೂರನೆಯದರಿಂದ ಹೊರಟ ಕೆಳಗಿನದು 344. ಎರಡೂ ಕಡೆ 16ರ ದೂರ. ಹೀಗೆ ಸಮ ಬರದಿದ್ದರೆ ಲೆಕ್ಕ ತಪ್ಪಿದೆ ಅಂತ ತಿಳಿಯಿರಿ. ದಿನ ಎಂದರೆ ವಹಿವಾಟಿನ ದಿನ, ಶನಿವಾರ ಭಾನುವಾರ ಎಣಿಸಬೇಡಿ.

ವಿರಾಜಪೇಟೆಯಿಂದ

ಇಷ್ಟು ಲೆಕ್ಕ ಯಾಕೆ? ಕೆಳಗಿನ ಗೆರೆ ಮುಟ್ಟಿದರೆ ದರ ಏರುತ್ತದೆ, ಮೇಲಿನದು ಮುಟ್ಟಿದರೆ ಇಳಿಯುತ್ತದೆ. ನಡುವಿನದು ಬರೀ ಅಳತೆಗೆ. ಆದರೆ ಒಮ್ಮೆ ಮೇಲಿನ ಗೆರೆ ಮುಟ್ಟಲಿ ಅಂತ ನಾನು ಚೆರಿ ಗೋದಾಮಿನಲ್ಲೇ ಇಟ್ಟೆ. ದರ ನಡುಗೆರೆಯ ಹತ್ತಿರವೂ ಬರದೆ ಇಳಿಯಿತು. ಮೂಟೆಗಳ ಮುಖ ನೋಡುವುದಕ್ಕೇ ಬೇಜಾರಾಗಿತ್ತು.

ಗೋಣಿಕೊಪ್ಪದಿಂದ

ಅರ್ಧ ಸರಿ. ಪಕ್ಕದ ಗೆರೆಗಳಲ್ಲಿ ದರ ತಡೆದು ನಿಲ್ಲುವುದುಂಟು, ದಾಟಿ ಹೋಗುವುದೂ ಉಂಟು. ಆದರೆ ಈ ಪದ್ಧತಿ ಕಟ್ಟಿದ ಆಂಡ್ರೂಸ್ ಎಲ್ಲಕ್ಕಿಂತ ನಂಬಿದ್ದು ನಡುಗೆರೆಯನ್ನು. ಹತ್ತರಲ್ಲಿ ಎಂಟು ಸಲ ದರ ಅಲ್ಲಿಗೆ ಬರುತ್ತದೆ ಅನ್ನುವುದು ಅವರ ಮಾತು. ಅದನ್ನು ಖಾತ್ರಿ ಅಂತ ಹಾಳೆಯಲ್ಲಿ ಬರೆಯಬೇಡಿ. ನಿಮಗೆ ಆದದ್ದು ಉಳಿದ ಎರಡು ಸಲದ ಕಥೆ. ಮೇಲೆ ಹೊರಟ ದರ ನಡುಗೆರೆ ತಲುಪದೆ ಮಧ್ಯದಲ್ಲೇ ತಿರುಗಿದರೆ ಇಳಿತ ಜೋರಾಗಿರಬಹುದು ಅಂತ ಅದೇ ಪದ್ಧತಿ ಹೇಳುತ್ತದೆ. ನೀವು ನೋಡಬೇಕಾಗಿದ್ದ ಸೂಚನೆ ಅದೇ.

ಇನ್ನೊಂದು. ಮೂರನೇ ಗುರುತು ಆ ದಿನವೇ ಗೊತ್ತಾಗುವುದಿಲ್ಲ. ದರ ತಿರುಗಿ ಕೆಲವು ದಿನ ಹೋದಮೇಲೆ ಗೊತ್ತಾಗುತ್ತದೆ. ಹಳೇ ಚಾರ್ಟಿನಲ್ಲಿ ಎಲ್ಲ ಚೆನ್ನಾಗಿ ಕೂರುವುದು ಅದಕ್ಕೇ.

ಮಡಿಕೇರಿಯಿಂದ

ಮಧ್ಯಾಂಕ ತೆಗೆದೆ, ‘ನಡುಗೆರೆ’ ಹಾಕಿದೆ. ಆ್ಯಂಕರ್‌ಗೆ ‘ಗೂಟ’ ಅನ್ನಲೇ? ಕಾಫಿ ಗಿಡ ನೆಡುವ ಮೊದಲು ಗೂಟ ಹೊಡೆದು ಹಗ್ಗ ಹಿಡಿಯುತ್ತೇವಲ್ಲ, ನಮ್ಮವರಿಗೆ ಕೂಡಲೇ ಹೊಳೆಯುತ್ತದೆ. ಮೊದಲ ಗೂಟ, ಎರಡನೇ ಗೂಟ, ಮೂರನೇ ಗೂಟ.

ಮೈಸೂರಿನಿಂದ

ಗೂಟ ಒಪ್ಪಿದೆ. ‘ಸಮಾಂತರ’ ಯಾಕೆ ಉಳಿಸಿದಿರಿ? ‘ಜೊತೆಗೆರೆ’ ಅನ್ನಿ.

ಗೋಣಿಕೊಪ್ಪದಿಂದ

ಬೇಡ. ಸಮಾಂತರ ಏಳನೇ ಕ್ಲಾಸಿನ ಹುಡುಗನಿಗೂ ಗೊತ್ತು. ಜೊತೆಗೆರೆ ಅಂದರೆ ಎಷ್ಟು ದೂರ, ಯಾವ ಓಟ ಅಂತ ಮತ್ತೆ ಬಿಡಿಸಿ ಹೇಳಬೇಕು. ಸಂಸ್ಕೃತ ಅಂತ ತೆಗೆಯುವುದಾದರೆ ‘ದಿನ’ವನ್ನೂ ತೆಗೆಯಬೇಕಾಗುತ್ತದೆ.

ಮೈಸೂರಿನಿಂದ

‘ನಾಳು’ ಇತ್ತು. ನಾವೇ ಬಿಟ್ಟದ್ದು.

ಮಡಿಕೇರಿಯಿಂದ

ಕವೆ, ಗೂಟ, ನಡುಗೆರೆ, ಸಮಾಂತರ ಗೆರೆ. ಪ್ರೆಸ್ಸಿಗೆ ಕಳಿಸುತ್ತಿದ್ದೇನೆ. ಕವೆಯ ಹಿಡಿಗೆ, ಅಂದರೆ ಮೊದಲ ಗೂಟದಿಂದ ನಡುಬಿಂದುವರೆಗಿನ ತುಂಡಿಗೆ, ‘ಕಾವು’ ಅಂತ ಹಾಕಿದ್ದೇನೆ. ಯಾರಿಗಾದರೂ ಬೇರೆ ಪದ ಇದ್ದರೆ ಬೆಳಿಗ್ಗೆ ಹತ್ತರೊಳಗೆ ತಿಳಿಸಿ.