ಕಳಿಸಿದ ಪಟ್ಟಿಯಲ್ಲಿದೆ, ಬಂದ ಪಟ್ಟಿಯಲ್ಲಿಲ್ಲ: ಜೀನ್ಸ್ ಬಂಡಲ್‌ಗಳ ತಾಳೆ

ಕೇಳಿದ್ದು, ಬಳ್ಳಾರಿಯಿಂದ

ಅಣ್ಣನ ಜೀನ್ಸ್ ಹೊಲಿಗೆ ಯೂನಿಟ್ಟಿನ ಲೆಕ್ಕ ನಾನು ನೋಡುತ್ತೇನೆ. ಹೋದ ತಿಂಗಳು ವಾಷಿಂಗ್‌ಗೆ 412 ಬಂಡಲ್ ಕಳಿಸಿದ್ದೆವು. 398 ವಾಪಸ್ ಕೊಟ್ಟಿದ್ದೇವೆ ಅಂತ ಅವರು ಪಟ್ಟಿ ಕಳಿಸಿದ್ದಾರೆ. ಬರದೇ ಇರೋದು 14 ಆಗಬೇಕು, ಅಲ್ವಾ? ಯಾವ ನಂಬರ್ ಅಂತ ತೆಗೆಯೋಕೆ ಎಕ್ಸೆಲ್‌ನಲ್ಲಿ COUNTIF ಹಾಕಿದೆ. 37 ಸಾಲಲ್ಲಿ 0 ತೋರಿಸುತ್ತಿದೆ. XLOOKUP ಹಾಕಬೇಕಾ? A ಕಾಲಮ್‌ನಲ್ಲಿ ನಮ್ಮ ನಂಬರ್, B ಯಲ್ಲಿ ಪೀಸ್. D ಯಲ್ಲಿ ಅವರ ನಂಬರ್, E ಯಲ್ಲಿ ಪೀಸ್. ಮಾಡಿ ಗೊತ್ತಿದ್ದವರು ಹೇಳಿ.

ರಾಯಚೂರು, ಜಿನ್ನಿಂಗ್ ಮಿಲ್ ಲೆಕ್ಕದವರು

ಅಕ್ಕ, COUNTIF ಹಳೆಯದು. ಅದನ್ನು ಬಿಟ್ಟು XLOOKUP ಹಾಕಿ, ಸರಿಯಾಗಿ ಬರುತ್ತದೆ. ನಾನು ಹತ್ತಿ ಗಾಡಿಗಳ ತೂಕದ ಚೀಟಿ ತಾಳೆ ನೋಡೋದು ಇದರಲ್ಲೇ.

```
=XLOOKUP(A2,$D$2:$D$399,$D$2:$D$399,"ಬಂದಿಲ್ಲ")
```

C2 ರಲ್ಲಿ ಹಾಕಿ ಕೆಳಗೆ ಎಳೆಯಿರಿ. ಎಲ್ಲಿ "ಬಂದಿಲ್ಲ" ಅಂತ ಬರುತ್ತದೋ ಅದೇ ನಿಮಗೆ ಬೇಕಾದದ್ದು.

ಕೇಳಿದವರು

ಹಾಕಿದೆ ಅಣ್ಣ. ಎಲ್ಲಾ ಸಾಲಲ್ಲೂ #NAME? ಅಂತ ಬರುತ್ತಿದೆ. ನಮ್ಮದು ಎಕ್ಸೆಲ್ 2016.

ಗಂಗಾವತಿ, ರೈಸ್ ಮಿಲ್ ಲೆಕ್ಕ ಬರೆಯುವವರು

2016 ರಲ್ಲಿ XLOOKUP ಇಲ್ಲ ತಂಗಿ, 2019 ರಲ್ಲೂ ಇಲ್ಲ. 2021 ರಲ್ಲಿ ಇದೆ, ಗೂಗಲ್ ಶೀಟ್ಸ್‌ನಲ್ಲೂ ಇದೆ. ಆದರೆ ಅದನ್ನು ಹುಡುಕಿಕೊಂಡು ಹೋಗಬೇಡಿ. ಈ ಪಟ್ಟಿಗೆ ಅದು ಹಾಕಿದರೂ 37 ಅನ್ನೇ ತೋರಿಸುತ್ತದೆ. ಸೂತ್ರ ತಪ್ಪಿಲ್ಲ, ಪಟ್ಟಿಯಲ್ಲೇ ಏನೋ ಇದೆ.

ಮೊದಲು ಒಂದು ನೋಡಿ. ನೀವು ಬರೆದದ್ದು ಹೀಗೇ ಇದೆಯಾ?

```
=COUNTIF($D$2:$D$399,A2)
```

ಡಾಲರ್ ಗುರುತು ಬಿಟ್ಟಿದ್ದರೆ, ಕೆಳಗೆ ಎಳೆದ ಹಾಗೆ ಹುಡುಕುವ ಜಾಗವೂ ಕೆಳಗೆ ಜಾರುತ್ತದೆ. ನೂರನೇ ಸಾಲಿಗೆ ಬರುವಷ್ಟರಲ್ಲಿ ಅವರ ಪಟ್ಟಿಯ ಮೇಲಿನ ಹತ್ತಿರ ಹತ್ತಿರ ನೂರು ನಂಬರ್ ಲೆಕ್ಕಕ್ಕೇ ಇರುವುದಿಲ್ಲ.

ಡಾಲರ್ ಇದ್ದೂ 37 ಬಂದರೆ ಇದೇ ಲೆಕ್ಕ ಉಲ್ಟಾ ಹಾಕಿ. ಅಂದರೆ ಅವರ ಒಂದೊಂದು ನಂಬರ್ ನಿಮ್ಮ ಪಟ್ಟಿಯಲ್ಲಿ ಇದೆಯಾ ಅಂತ. F2 ರಲ್ಲಿ:

```
=COUNTIF($A$2:$A$413,D2)
```

ಆಮೇಲೆ ಫಿಲ್ಟರ್ ಹಾಕಿ 0 ಇರುವ ಸಾಲು ಮಾತ್ರ ಉಳಿಸಿಕೊಳ್ಳಿ. ನೀವು ಕಳಿಸದೇ ಇದ್ದ ಬಂಡಲ್ ಅವರು ವಾಪಸ್ ಕೊಡೋದು ಹೇಗೆ? ಆಗಲ್ಲ. ಹಾಗಾಗಿ ಇಲ್ಲಿ ಒಂದೂ ಸಿಗಬಾರದು. ಸಿಕ್ಕರೆ, ತಪ್ಪು ಕೂತಿರೋದು ಅಲ್ಲೇ. ಎಷ್ಟು ಸಿಗುತ್ತವೆ ಹೇಳಿ.

ಕೊಪ್ಪಳ, ಝೆರಾಕ್ಸ್ ಅಂಗಡಿ

ಎರಡು ಸಲ ಬಂದ ನಂಬರ್ ತೆಗೆಯೋದು ತಾನೇ? ಇಷ್ಟೆಲ್ಲ ಬೇಡ ಮೇಡಂ. ಎರಡೂ ಕಾಲಮ್ ಸೆಲೆಕ್ಟ್ ಮಾಡಿ, ಕಂಡೀಷನಲ್ ಫಾರ್ಮ್ಯಾಟಿಂಗ್‌ನಲ್ಲಿ ಡೂಪ್ಲಿಕೇಟ್ ವ್ಯಾಲ್ಯೂಸ್ ಒತ್ತಿ. ಕೆಂಪು ಬಣ್ಣ ಬರುತ್ತದೆ.

ಗಂಗಾವತಿ

ಅವರು ಕೇಳಿದ್ದು ಎರಡು ಕಡೆ ಇರೋದಲ್ಲ ಸರ್, ಒಂದೇ ಕಡೆ ಇರೋದು. ಆದರೂ ನೀವು ತೋರಿಸಿದ ದಾರಿ ಉಪಯೋಗಕ್ಕೆ ಬರುತ್ತದೆ. ಅದೇ ಪೆಟ್ಟಿಗೆಯಲ್ಲಿ ಡೂಪ್ಲಿಕೇಟ್ ಬದಲು ಯುನೀಕ್ ಆರಿಸಿದರೆ ಎರಡೂ ಕಡೆಯ ಒಂಟಿ ನಂಬರ್‌ಗಳಿಗೆ ಒಟ್ಟಿಗೆ ಬಣ್ಣ ಬರುತ್ತದೆ. ಕಣ್ಣಿಗೆ ಬೇಗ ಹಿಡಿಯುತ್ತದೆ.

ಕೇಳಿದವರು

ಡಾಲರ್ ಇದೆ ಅಕ್ಕ. ಉಲ್ಟಾ ಹಾಕಿದರೆ 23 ಬಂತು! ಅದರಲ್ಲಿ K-1042 ಅಂತ ಇದೆ. ನಮ್ಮ ಪಟ್ಟಿಯಲ್ಲೂ K-1042 ಕಣ್ಣಿಗೆ ಕಾಣಿಸುತ್ತಿದೆ. ಎರಡು ಕಡೆಯೂ ಇಲ್ಲ ಅನ್ನುತ್ತದೆ.

ಗಂಗಾವತಿ

ಸಿಕ್ಕಿತು ನೋಡಿ. ನಿಮ್ಮ 412 ರಲ್ಲಿ 37 ಕಳೆದರೆ 375. ಅವರ 398 ರಲ್ಲಿ 23 ಕಳೆದರೂ 375. ಯಾವ ನಂಬರೂ ಎರಡೆರಡು ಸಲ ಇಲ್ಲದಿದ್ದರೆ ಈ ಎರಡು ಸಂಖ್ಯೆ ಒಂದೇ ಆಗಲೇಬೇಕು, ಆಗಿದೆ. ಅಂದರೆ COUNTIF ತನ್ನ ಕೆಲಸ ಸರಿಯಾಗಿಯೇ ಮಾಡಿದೆ. K-1042 ಥರದ ನಂಬರ್‌ಗಳು ನಮ್ಮ ಕಣ್ಣಿಗೆ ಒಂದೇ ಥರ ಕಂಡರೂ ಎಕ್ಸೆಲ್‌ಗೆ ಬೇರೆ ಬೇರೆ.

K-1042 ಇರುವ ಎರಡು ಸೆಲ್‌ಗೂ ಪಕ್ಕದಲ್ಲಿ LEN ಹಾಕಿ ನೋಡಿ. ಆರು ಅಕ್ಷರ ಇರಬೇಕು. ಒಂದು ಕಡೆ 7 ಬಂದರೆ ಕೊನೆಯಲ್ಲಿ ಖಾಲಿ ಜಾಗ ಸೇರಿಕೊಂಡಿದೆ. ಪಟ್ಟಿಯನ್ನು ಫೋನಿನಲ್ಲಿ ಟೈಪ್ ಮಾಡಿದ್ದರೆ ಇದು ಜಾಸ್ತಿ. ಕೀಬೋರ್ಡ್ ತೋರಿಸಿದ ಪದ ಒತ್ತಿದರೆ ಅದೇ ಹಿಂದೆ ಒಂದು ಸ್ಪೇಸ್ ಸೇರಿಸುತ್ತದೆ. ನಮ್ಮಲ್ಲಿ ಭತ್ತದ ಲಾಟ್ ನಂಬರ್ ಹೀಗೇ ಆಗಿ ಒಂದು ಇಡೀ ಸಂಜೆ ಹೋಯಿತು. ಗೋಡೌನ್‌ನಲ್ಲಿ ಚೀಲ ಇದ್ದವು, ಪಟ್ಟಿಯಲ್ಲಿ ಇರಲಿಲ್ಲ.

ತೆಗೆಯೋದು ಹೀಗೆ. H2 ರಲ್ಲಿ ಇದನ್ನು ಹಾಕಿ ಕೆಳಗೆ ಎಳೆಯಿರಿ:

```
=TRIM(SUBSTITUTE(D2,CHAR(160)," "))
```

ಸುಮ್ನೆ TRIM ಒಂದೇ ಸಾಲದು. ವೆಬ್ ಪುಟದಿಂದ ಕಾಪಿ ಮಾಡಿದ ಪಟ್ಟಿಯಲ್ಲಿ ಇನ್ನೊಂದು ಥರದ ಸ್ಪೇಸ್ ಇರುತ್ತದೆ, ಅದನ್ನು TRIM ಮುಟ್ಟುವುದಿಲ್ಲ. ಅದಕ್ಕೇ 160 ರ ಭಾಗ. G ಕಾಲಮ್‌ನಲ್ಲಿ ನಿಮ್ಮ A ಗೂ ಇದನ್ನೇ ಮಾಡಿ. ತಪ್ಪು ಅವರ ಕಡೆಯೇ ಇರಬೇಕು ಅಂತ ಏನಿಲ್ಲ. ಆಮೇಲೆ G ಯನ್ನು A ಮೇಲೆ, H ಅನ್ನು D ಮೇಲೆ ವ್ಯಾಲ್ಯೂ ಮಾತ್ರ ಪೇಸ್ಟ್ ಮಾಡಿ. ಅವರು ಕಳಿಸಿದ ಮೂಲ ಫೈಲ್ ಬೇರೆ ಇಟ್ಟುಕೊಂಡಿರಿ.

ಸಿಂಧನೂರು, ಸಹಕಾರ ಸಂಘದ ಕಾರ್ಯದರ್ಶಿ

ನನ್ನದು ಸ್ವಲ್ಪ ಬೇರೆ ಕಥೆ, ಆದರೆ ಹೇಳಲೇಬೇಕು. ಸದಸ್ಯರಿಗೆ ಹಣ ಜಮಾ ಆಯಿತಾ ಅಂತ ಬ್ಯಾಂಕ್ ಖಾತೆ ನಂಬರ್‌ನಿಂದ ತಾಳೆ ನೋಡಿದ್ದೆ. 17 ಅಂಕಿಯ ನಂಬರ್‌ಗಳು. COUNTIF ಎಲ್ಲರೂ ಇದ್ದಾರೆ ಅಂತ ತೋರಿಸಿತು. ಒಬ್ಬರು ಬಂದು, ನನಗೆ ಬಂದಿಲ್ಲ ಅಂತ ಜಗಳ ಮಾಡಿದರು. ಪಟ್ಟಿ ತೋರಿಸಿ ವಾಪಸ್ ಕಳಿಸಿದೆ. ನಿಜವಾಗಿ ಅವರಿಗೆ ಬಂದಿರಲಿಲ್ಲ. ಆ ಹಿರಿಯರನ್ನು ಸುಮ್ಮನೆ ಅಲೆಸಿದ್ದು ಈಗಲೂ ಬೇಜಾರಾಗುತ್ತದೆ. ಅಂದಿನಿಂದ XLOOKUP ಮಾತ್ರ ನಂಬುತ್ತೇನೆ.

ಗಂಗಾವತಿ

ಸರ್, ನಿಮಗೆ ಆದದ್ದಕ್ಕೆ ಕಾರಣ ಇದೆ. ಬರೀ ಅಂಕಿ ಇದ್ದರೆ, ಟೆಕ್ಸ್ಟ್ ಆಗಿ ಇಟ್ಟಿದ್ದರೂ COUNTIF ಅದನ್ನು ಸಂಖ್ಯೆ ಅಂತಲೇ ಓದುತ್ತದೆ. ಎಕ್ಸೆಲ್ ಒಂದು ಸಂಖ್ಯೆಯಲ್ಲಿ 15 ಅಂಕಿ ಮಾತ್ರ ಹಿಡಿದಿಡುತ್ತದೆ. ಮೊದಲ 15 ಒಂದೇ ಇದ್ದು ಕೊನೆಯ ಎರಡು ಬೇರೆ ಇದ್ದರೆ COUNTIF ಗೆ ಎರಡೂ ಒಂದೇ ಖಾತೆ. ಟೆಕ್ಸ್ಟ್ ಆಗಿ ಇಟ್ಟ ನಂಬರನ್ನು XLOOKUP ಅಕ್ಷರ ಅಕ್ಷರ ನೋಡುತ್ತದೆ, ಅದಕ್ಕೇ ಅಲ್ಲಿ ಸರಿ ಬಂತು. ಆದರೆ ಅದೂ ಒಂದು ಕಡೆ ಕೈಕೊಡುತ್ತದೆ. ಒಂದು ಪಟ್ಟಿಯಲ್ಲಿ 1042 ಸಂಖ್ಯೆಯಾಗಿ, ಇನ್ನೊಂದರಲ್ಲಿ ಟೆಕ್ಸ್ಟ್ ಆಗಿ ಇದ್ದರೆ XLOOKUP ಇಲ್ಲ ಅನ್ನುತ್ತದೆ, COUNTIF ಇದೆ ಅನ್ನುತ್ತದೆ. ನಮ್ಮ ತಂಗಿಯ ನಂಬರ್‌ಗಳಲ್ಲಿ K ಇದೆ, ಹಾಗಾಗಿ ಇವೆರಡೂ ಅವರಿಗೆ ತಟ್ಟುವುದಿಲ್ಲ.

ಕೇಳಿದವರು

ಸ್ವಚ್ಛ ಮಾಡಿದೆ ಅಕ್ಕ. 37 ಇದ್ದದ್ದು 18 ಆಯಿತು. ಉಲ್ಟಾ 23 ಇದ್ದದ್ದು 4. ಆ ನಾಲ್ಕನ್ನು ಒಂದೊಂದೇ ನೋಡಿದೆ. ಮೂರರಲ್ಲಿ ಅಡ್ಡಗೆರೆ ಬಿಟ್ಟಿದ್ದಾರೆ, K1187 ಅಂತ ಬರೆದಿದ್ದಾರೆ. ಕಾಗದದ ಚಲನ್ ನೋಡಿ ಕೈಯಲ್ಲೇ ತಿದ್ದಿದೆ. ಈಗ ಬರದೇ ಇರೋದು 15. ಉಲ್ಟಾ ಒಂದೇ ಉಳಿದಿದೆ, M-0316. ನಮ್ಮಲ್ಲಿ M ನಂಬರೇ ಇಲ್ಲ!

ಗಂಗಾವತಿ

ಹಾಗಾದರೆ ಅದು ಬೇರೆ ಯೂನಿಟ್ಟಿನದು, ನಿಮ್ಮ ಲೆಕ್ಕಕ್ಕೆ ಬಂದು ಸೇರಿದೆ. ಅವರ 398 ರಲ್ಲಿ ನಿಮ್ಮದು 397 ಮಾತ್ರ. ನಿಮಗೆ ಬರಬೇಕಾದದ್ದು 14 ಅಲ್ಲ, 15. ಬರೀ 412 ರಲ್ಲಿ 398 ಕಳೆದು 14 ಅಂತ ಒಪ್ಪಿಕೊಂಡಿದ್ದರೆ ಒಂದು ಬಂಡಲ್ ಕೈಬಿಡುತ್ತಿತ್ತು. ಆ M ಬಂಡಲ್ ನಿಮ್ಮ ಯೂನಿಟ್ಟಿಗೆ ನಿಜವಾಗಿ ಬಂದಿದೆಯಾ, ಇಲ್ಲ ಬರೀ ಪಟ್ಟಿಯಲ್ಲಿದೆಯಾ, ಅದನ್ನು ನೋಡಿಕೊಂಡೇ ಅವರ ಹತ್ತಿರ ಮಾತಾಡಿ. ಯಾರೋ ಅದಕ್ಕಾಗಿ ಹುಡುಕುತ್ತಿರುತ್ತಾರೆ.

ಬಳ್ಳಾರಿ, ಇನ್ನೊಂದು ಹೊಲಿಗೆ ಯೂನಿಟ್

ನಮ್ಮಲ್ಲಿ ಕೆಲವು ಬಂಡಲ್ ರೀವಾಷ್‌ಗೆ ಹೋಗುತ್ತವೆ. ಅದೇ ನಂಬರ್ ಎರಡು ಸಲ ಕಳಿಸಿರುತ್ತೇವೆ, ಒಂದು ಸಲ ಮಾತ್ರ ಬಂದಿರುತ್ತದೆ. COUNTIF 1 ಕೊಡುತ್ತದೆ, ಬಂದಿದೆ ಅಂದುಕೊಂಡು ಬಿಟ್ಟುಬಿಡುತ್ತೇವೆ. ಇದಕ್ಕೆ ಏನು ಮಾಡೋದು?

ಗಂಗಾವತಿ

ಎಷ್ಟನೇ ಸಲ ಕಳಿಸಿದ್ದು ಅಂತ ಎಣಿಸುತ್ತಾ, ಎಷ್ಟು ಸಲ ಬಂದಿದೆ ಅನ್ನೋದಕ್ಕೆ ಹೋಲಿಸಬೇಕು:

```
=COUNTIF($A$2:A2,A2)>COUNTIF($D$2:$D$399,A2)
```

TRUE ಬಂದ ಸಾಲು ಬಾಕಿ. ಮೊದಲ A2 ಗೆ ಮಾತ್ರ ಡಾಲರ್ ಇದೆ, ಎರಡನೆಯದಕ್ಕೆ ಇಲ್ಲ, ಅದನ್ನು ಹಾಗೆಯೇ ಬಿಡಿ. ಇದು ಎಷ್ಟು ಬಾಕಿ ಅಂತ ಸರಿಯಾಗಿ ಹೇಳುತ್ತದೆ. ಬಂದದ್ದು ಮೊದಲ ಸಲ ಕಳಿಸಿದ್ದಾ, ರೀವಾಷ್‌ದಾ ಅಂತ ಹೇಳುವುದಿಲ್ಲ, ಯಾವಾಗಲೂ ಕೊನೆಯದನ್ನೇ ಬಾಕಿ ತೋರಿಸುತ್ತದೆ.

ಬಳ್ಳಾರಿ, ಇನ್ನೊಂದು ಹೊಲಿಗೆ ಯೂನಿಟ್

ರೀವಾಷ್‌ಗೆ ರೇಟು ಬೇರೆ, ಅದಕ್ಕೇ ಯಾವುದು ಅಂತ ಬೇಕಿತ್ತು. ನಂಬರ್ ಹಿಂದೆ R ಸೇರಿಸಿ ಕಳಿಸೋಣ ಅಂದರೆ ವಾಷಿಂಗಿನವರು ಅದನ್ನು ಬರೆದುಕೊಳ್ಳಲ್ಲ. ಬೇರೆ ಯಾರಾದರೂ ದಾರಿ ಕಂಡಿದ್ದರೆ ತಿಳಿಸಿ.

ರಾಯಚೂರು

ನಾನು ಮೊದಲು ಹೇಳಿದ್ದು ಪೂರ್ತಿ ಸರಿಯಿರಲಿಲ್ಲ, ಈಗ ಅರ್ಥವಾಯಿತು. ಆದರೆ XLOOKUP ಇಲ್ಲಿ ಬೇರೆ ಕೆಲಸಕ್ಕೆ ಬರುತ್ತದೆ ಅಕ್ಕ. ಚೀಟಿ ಬಂದರೂ ತೂಕ ಕಡಿಮೆ ಇರುತ್ತದಲ್ಲ, ನಾನು ಅದನ್ನು ಹೀಗೆ ಹಿಡಿಯುತ್ತೇನೆ. ನಿಮ್ಮದರಲ್ಲಿ ಪೀಸ್ ಎಳೆದು ತರಬಹುದು. ಫೈಲನ್ನು ಗೂಗಲ್ ಶೀಟ್ಸ್‌ನಲ್ಲಿ ತೆರೆದು ಹಾಕಿ:

```
=XLOOKUP(A2,$D$2:$D$399,$E$2:$E$399,"ಬಂದಿಲ್ಲ")
```

ಬಂದ ಪೀಸ್ B ಯ ಪಕ್ಕದಲ್ಲಿ ಇಟ್ಟು ನೋಡಿ. ಒಂದೇ ನಂಬರ್ ಎರಡು ಸಲ ಇದ್ದರೆ ಮೊದಲು ಸಿಕ್ಕಿದ್ದನ್ನು ಮಾತ್ರ ತರುತ್ತದೆ, ಅದೊಂದು ನೆನಪಿರಲಿ.

ಕೇಳಿದವರು

ಹಾಕಿದೆ ಅಣ್ಣ. 15 ಸಾಲಲ್ಲಿ "ಬಂದಿಲ್ಲ" ಅಂತಲೇ ಬಂತು, COUNTIF ಜೊತೆ ತಾಳೆಯಾಯಿತು. ಅದರ ಮೇಲೆ ಆರು ಬಂಡಲ್‌ನಲ್ಲಿ ಪೀಸ್ ಕಡಿಮೆ ಇವೆ. K-1210 ರಲ್ಲಿ ನಾವು ಕಳಿಸಿದ್ದು 40, ಬಂದದ್ದು 36. ಇದನ್ನು ನಾನು ಕೇಳಲೂ ಇರಲಿಲ್ಲ. 15 ನಂಬರ್, ಆರು ಬಂಡಲ್‌ನ ಕೊರತೆ, M-0316, ಮೂರನ್ನೂ ಒಂದೇ ಹಾಳೆಯಲ್ಲಿ ಪ್ರಿಂಟ್ ತೆಗೆದಿದ್ದೇನೆ. ನಾಳೆ ಬೆಳಿಗ್ಗೆ ಚಲನ್ ಪುಸ್ತಕ ಹಿಡಿದುಕೊಂಡು ಅಣ್ಣನ ಜೊತೆ ವಾಷಿಂಗ್ ಯೂನಿಟ್ಟಿಗೆ ಹೋಗುತ್ತೇನೆ.